ಅಂಚು ತಾನಾಗಿ ಏಳುವವರೆಗೆ: ಕಾವಲಿಯಲ್ಲಿ ಪನೀರ್ ಹುರಿಯುವುದು ನನಗೆ ಒಲಿದ ಬಗೆ

ಆಟಿ ತಿಂಗಳ ಒಂದು ಭಾನುವಾರ ಉಡುಪಿಯ ನಮ್ಮ ಮನೆಗೆ ನಾದಿನಿಯ ಸಂಸಾರ ಮಂಗಳೂರಿನಿಂದ ಬಂದಿತ್ತು. ಮಕ್ಕಳಿಗೆ ಪನೀರ್ ಘೀ ರೋಸ್ಟ್ ಬೇಕಿತ್ತು. ಬ್ಯಾಡಗಿ ಮೆಣಸಿನ ಮಸಾಲೆಯನ್ನು ಬೆಳಿಗ್ಗೆಯೇ ಅರೆದಿಟ್ಟಿದ್ದೆ. ಊಟದ ಹೊತ್ತಿಗೆ ಫ್ರಿಜ್‌ನಿಂದ 400 ಗ್ರಾಂ ಪನೀರ್ ತೆಗೆದು, ತುಂಡು ಮಾಡಿ, ಕಾವಲಿಗೆ ಎಣ್ಣೆ ಬಿಟ್ಟು ಎಲ್ಲವನ್ನೂ ಒಮ್ಮೆಗೇ ಸುರಿದೆ. ಒಂದು ನಿಮಿಷದಲ್ಲಿ ಸಟ್ಟುಗ ಹಾಕಿ ಮಗುಚಲು ಹೋದರೆ, ಬಣ್ಣ ಬಂದಿದ್ದ ತಳವೆಲ್ಲ ಕಾವಲಿಯಲ್ಲೇ ಉಳಿಯಿತು. ಮೇಲಿನ ಬಿಳಿ ಭಾಗ ಮಾತ್ರ ಪುಡಿಪುಡಿಯಾಗಿ ಸಟ್ಟುಗಕ್ಕೆ ಬಂತು. ಆ ದಿನ ಎಲೆಗೆ ಬಡಿಸಿದ್ದು ಕೆಂಪು ಮಸಾಲೆಯಲ್ಲಿ ಕಲಸಿದ ಪನೀರ್ ಪುಡಿ. ರುಚಿಯೇನೋ ಚೆನ್ನಾಗಿತ್ತು, ಆದರೆ ಘೀ ರೋಸ್ಟ್‌ನಲ್ಲಿ ಹಲ್ಲಿಗೆ ಸಿಗಬೇಕಾದ ಆ ಹೊಂಬಣ್ಣದ ಪದರ ಎಲ್ಲೂ ಇರಲಿಲ್ಲ.

ಅತ್ತೆ ಆಗ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನಾನು ನೀರು ದೋಸೆ ಹೊಯ್ಯುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು. "ದೋಸೆಯನ್ನು ಯಾವಾಗ ತೆಗೆಯುತ್ತೀ?" ಎಂದು ಕೇಳಿದರು. "ಅಂಚು ಎದ್ದ ಮೇಲೆ" ಎಂದೆ. "ನಿನ್ನೆ ಅದಕ್ಕೆ ಅಂಚು ಏಳುವಷ್ಟು ಹೊತ್ತು ಕೊಟ್ಟೆಯಾ?" ಎಂದರು. ಅಲ್ಲಿಂದ ಮುಂದಿನ ನಾಲ್ಕೈದು ವಾರ, ಪ್ರತಿ ಸಲ ಒಂದೊಂದನ್ನೇ ಬದಲಾಯಿಸಿ ನೋಡುತ್ತ ಬಂದೆ. ಈಗ ತುಂಡು ಒಡೆಯುವುದು ತೀರಾ ಅಪರೂಪ.

ತೊಂದರೆಯ ಮೂಲ ನೀರು. ಪನೀರಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತೂಕ ನೀರಿನದ್ದೇ. ತುಂಡಿನ ಮೈ ಒದ್ದೆಯಾಗಿರುವವರೆಗೆ ಕಾವಲಿಯ ಕಾವೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಆ ಮೈ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಹೊಂಬಣ್ಣ ಹಿಡಿಯಬೇಕಾದರೆ ಸುಮಾರು 140 ಡಿಗ್ರಿ ದಾಟಬೇಕು. ಈ ನಡುವಿನ ಹೊತ್ತಿನಲ್ಲಿ ಹಸಿಯಾಗಿ ಮೆತ್ತಗಿರುವ ಹಾಲಿನ ಪ್ರೋಟೀನು ಕಬ್ಬಿಣವನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ತಳದ ನೀರು ಆರಿ, ಪದರ ಗಟ್ಟಿಯಾಗಿ, ಅದರಡಿಗೆ ಎಣ್ಣೆ ಇಳಿದಾಗ ಹಿಡಿತ ಸಡಿಲವಾಗುತ್ತದೆ. ನಾನು ಸಟ್ಟುಗ ಹಾಕಿದ್ದು ಸರಿಯಾಗಿ ಕಚ್ಚಿಕೊಂಡಿರುವ ಘಳಿಗೆಯಲ್ಲಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ಕಷ್ಟ ಸೇರುತ್ತದೆ. ಇದನ್ನು ಗಮನಿಸಲು ನನಗೆ ಬಹಳ ದಿನ ಬೇಕಾಯಿತು. ಪನೀರ್ ಕತ್ತರಿಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ತಟ್ಟೆಯಲ್ಲಿಟ್ಟು ಈರುಳ್ಳಿ ಹೆಚ್ಚಲು ಹೋಗುತ್ತಿದ್ದೆ. ಹತ್ತು ನಿಮಿಷ ಬಿಟ್ಟು ಬಂದರೆ ತುಂಡುಗಳ ಮೈ ಮತ್ತೆ ತೇವ. ಒಂದು ದಿನ ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸಾಸಿವೆಗಿಂತ ಸಣ್ಣ ಹನಿಗಳು ಒತ್ತೊತ್ತಾಗಿ ಕೂತಿದ್ದವು, ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವ ಹಾಗೆ. ಪನೀರ್ ಫ್ರಿಜ್‌ನ ತಣ್ಪಿನಲ್ಲಿದೆ, ಅಡುಗೆಮನೆಯ ಗಾಳಿಯಲ್ಲಿ ನೀರು ತುಂಬಿದೆ. ಗಾಳಿಯ ನೀರು ತುಂಡಿನ ಮೇಲೆ ಬಂದು ಕೂರುತ್ತದೆ. ಅಂದರೆ ನಾನು ಒರೆಸಿದ್ದು ತಪ್ಪಲ್ಲ, ಒರೆಸಿದ ಹೊತ್ತು ತಪ್ಪು.

ಈಗ ಮಾಡುವುದು ಹೀಗೆ. ಪನೀರ್ ತಣ್ಣಗಿರುವಾಗಲೇ ಕತ್ತರಿಸುತ್ತೇನೆ, ಆಗ ಅದು ಗಟ್ಟಿಯಾಗಿದ್ದು ಅಂಚು ಉದುರುವುದಿಲ್ಲ. ಚಾಕುವನ್ನು ಎಳೆಯದೆ ನೇರ ಕೆಳಕ್ಕೆ ಒತ್ತುತ್ತೇನೆ, ಒಂದೊಂದು ಸಲಕ್ಕೂ ಅಲಗನ್ನು ಒರೆಸುತ್ತೇನೆ. ಒಂದೊಂದು ಬದಿ 2 ಸೆಂಟಿಮೀಟರ್ ಇರಲಿ. ಅದಕ್ಕಿಂತ ಸಣ್ಣದಾದರೆ ಬಣ್ಣ ಬರುವಷ್ಟರಲ್ಲಿ ಒಳಗೂ ಒಣಗಿ ರಬ್ಬರಿನಂತಾಗುತ್ತದೆ. 400 ಗ್ರಾಂನಲ್ಲಿ ಇಂಥ ಸುಮಾರು 45 ತುಂಡು ಸಿಗುತ್ತವೆ. ಅವನ್ನು ಬೈರಾಸಿನ ಮೇಲೆ ಬಿಡಿಬಿಡಿಯಾಗಿ ಹರಡಿ, ಮೇಲೆ ಇನ್ನೊಂದು ಮಡಿಕೆ ಹೊದಿಸಿ ಅರ್ಧ ಗಂಟೆ ಬಿಡುತ್ತೇನೆ. ಬೆವರುವಷ್ಟು ಬೆವರಿ, ತಣ್ಪು ಇಳಿದು, ಕೋಣೆಯ ಹದಕ್ಕೆ ಬರುತ್ತದೆ. ಕಾವಲಿ ಒಲೆಗೇರಿದ ಮೇಲೆ ಕೊನೆಯ ಸಲ ಪ್ರತಿ ತುಂಡನ್ನೂ ಮೆಲ್ಲನೆ ಒತ್ತಿ ಒರೆಸುತ್ತೇನೆ. ಈ ಕೊನೆಯ ಒರೆಸುವಿಕೆಯನ್ನು ಬಿಟ್ಟರೆ ಮೊದಲಿನ ಅರ್ಧ ಗಂಟೆಯೂ ವ್ಯರ್ಥ. ಉಪ್ಪನ್ನು ಈಗ ಹಾಕುವುದಿಲ್ಲ, ಅದು ಒಳಗಿನ ನೀರನ್ನು ಮೈಮೇಲೆ ಎಳೆದು ತರುತ್ತದೆ.

ಅದೇ ಕಾರಣಕ್ಕೆ ಪನೀರನ್ನು ಮೊಸರು, ಮೆಣಸಿನ ಪುಡಿಯಲ್ಲಿ ನೆನೆಸಿಟ್ಟು ಹುರಿಯುವುದನ್ನು ನಾನು ಬಿಟ್ಟೆ. ಕೋಳಿಗೆ ಅದು ಸರಿ. ಪನೀರಿನ ಒಳಗೆ ಮಸಾಲೆ ಹೆಚ್ಚೇನೂ ಇಳಿಯುವುದಿಲ್ಲ. ಮೊಸರಿನ ನೀರು ಕಾವಲಿಗೆ ಅಂಟುತ್ತದೆ, ಮೆಣಸಿನ ಪುಡಿ ಪನೀರಿಗಿಂತ ಮೊದಲೇ ಸೀದು ಕಹಿಯಾಗುತ್ತದೆ. ಬರಿಯ ಪನೀರನ್ನು ಹುರಿದು, ತೆಗೆದಿಟ್ಟು, ಆಮೇಲೆ ತುಪ್ಪದಲ್ಲಿ ಹದವಾದ ಮಸಾಲೆಗೆ ಸೇರಿಸಿದರೆ ಒರಟಾದ ಹೊರಪದರ ಮಸಾಲೆಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ನನ್ನದು ಹತ್ತು ಇಂಚಿನ ಎರಕದ ಕಬ್ಬಿಣದ ಕಾವಲಿ. ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಬರಿದೇ ಕಾಯಿಸುತ್ತೇನೆ. ಕೈಯಿಂದ ನೀರು ಚಿಮುಕಿಸಿದರೆ ಹನಿ ಕುಣಿದು ಕ್ಷಣದಲ್ಲಿ ಮಾಯವಾಗಬೇಕು. ಅಲ್ಲೇ ಕೂತು ಗುಳ್ಳೆ ಬಿಡುತ್ತಿದ್ದರೆ ಇನ್ನೂ ಕಾಯಬೇಕು. ಆ ಹನಿಗಳು ಪೂರ್ತಿ ಆರಿದ ಮೇಲೆ ಒಂದೂವರೆ ದೊಡ್ಡ ಚಮಚ ತೆಂಗಿನೆಣ್ಣೆ ಬಿಟ್ಟು, ಕಾವಲಿಯನ್ನು ಓರೆ ಮಾಡಿ ಎಲ್ಲ ಕಡೆ ಹರಡುತ್ತೇನೆ. ಎಣ್ಣೆ ತೆಳ್ಳಗಾಗಿ ಅಲೆಯಾಡುವಂತೆ ಕಂಡರೆ ಸಾಕು. ಹೊಗೆ ಬಂದರೆ ಹೆಚ್ಚಾಯಿತು, ಉರಿ ಇಳಿಸಿ ಸ್ವಲ್ಪ ಕಾಯುತ್ತೇನೆ. ತುಪ್ಪದಲ್ಲೂ ಇದೇ ರೀತಿ ಹುರಿಯಬಹುದು. ಬೆಣ್ಣೆ ಮಾತ್ರ ಬೇಡ, ಅದರಲ್ಲಿರುವ ಹಾಲಿನ ಅಂಶ ಬೇಗ ಕರಕಲಾಗುತ್ತದೆ.

45 ತುಂಡನ್ನು ಮೂರು ಸಲಕ್ಕೆ ಹಂಚುತ್ತೇನೆ, ಸಲಕ್ಕೆ 15. ತುಂಡುಗಳ ನಡುವೆ ಒಂದು ಬೆರಳು ಜಾಗ ಬಿಡಬೇಕು. ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಕಾವಲಿಯ ಕಾವು ಒಮ್ಮೆಲೇ ಇಳಿಯುತ್ತದೆ, ಆವಿ ಹೊರಗೆ ಹೋಗದೆ ಪನೀರ್ ಬೇಯುತ್ತದೆ, ಹುರಿಯುವುದಿಲ್ಲ. ಆ ಭಾನುವಾರ ನಾನು ಮಾಡಿದ್ದ ಎರಡನೆಯ ತಪ್ಪು ಇದೇ.

ಇನ್ನು ಕೈ ಕಟ್ಟಿ ನಿಲ್ಲುವ ಹೊತ್ತು. ತುಂಡು ಇಟ್ಟ ಕೂಡಲೇ ಚುರ್ರೆಂದು ಜೋರು ಸದ್ದು ಬರುತ್ತದೆ, ಅದು ನೀರು ಹೋಗುವ ಸದ್ದು. ಒಂದೂವರೆ ನಿಮಿಷ ಕಳೆಯುವಾಗ ಸದ್ದು ತಗ್ಗಿ, ಬಿಡಿಬಿಡಿಯಾಗಿ ಚಟಚಟ ಎನ್ನತೊಡಗುತ್ತದೆ. ಖೋವಾ ಕಾಯಿಸುವಾಗಿನಂಥ ವಾಸನೆ ಏಳುತ್ತದೆ. ಬಗ್ಗಿ ನೋಡಿದರೆ ತುಂಡಿನ ಬುಡದಲ್ಲಿ ನೂಲಿನಷ್ಟು ತೆಳುವಾದ ಕಂದು ಗೆರೆ ಕಾಣುತ್ತದೆ. ಆಗ ಒಂದು ತುಂಡಿನ ಬುಡಕ್ಕೆ ಸಟ್ಟುಗದ ತುದಿ ತಾಗಿಸಿ ಪಕ್ಕಕ್ಕೆ ಸ್ವಲ್ಪವೇ ತಳ್ಳುತ್ತೇನೆ. ಜಾರಿದರೆ ಮಗುಚಬಹುದು. ಜಾರದಿದ್ದರೆ ಇನ್ನು ಅರ್ಧ ನಿಮಿಷ ಕೈ ಹಾಕುವುದಿಲ್ಲ. ಮೂರು ನಿಮಿಷವಾದರೂ ಜಾರದೆ ಸೀದ ವಾಸನೆ ಬಂದರೆ ಅಲ್ಲಿ ಎಣ್ಣೆ ಸಾಲದಾಗಿದೆ ಎಂದರ್ಥ. ಉರಿ ತಗ್ಗಿಸಿ ಬುಡಕ್ಕೆ ನಾಲ್ಕು ಹನಿ ಬಿಟ್ಟರೆ ಹೆಚ್ಚಿನ ಸಲ ಬಿಟ್ಟುಕೊಳ್ಳುತ್ತದೆ. ಮಗುಚುವಾಗ ತುಂಡನ್ನು ಮೇಲಿನಿಂದ ಹಿಡಿದೆತ್ತದೆ, ತೆಳು ಅಂಚಿನ ಸಟ್ಟುಗವನ್ನು ಕಾವಲಿಗೆ ಒತ್ತಿ ಅಡಿಯಿಂದ ನುಗ್ಗಿಸಬೇಕು.

ಎರಡನೆಯ ಮೈಗೆ ಒಂದೂವರೆ ನಿಮಿಷ, ಮೂರನೆಯದಕ್ಕೆ ಒಂದು. ಆರೂ ಮೈಗೆ ಬಣ್ಣ ತರಲು ನಾನು ಹೋಗುವುದಿಲ್ಲ. ಮೂರು ಮೈ ಗರಿಯಾದರೆ ಬಾಯಿಗೆ ಬೇಕಾದ್ದು ಸಿಕ್ಕಿತು. ಆರಕ್ಕೂ ಹಟ ಹಿಡಿದರೆ ಒಳಗಿನ ಮೆತ್ತನೆಯ ತಿರುಳು ಒಣಗುತ್ತದೆ. ಪ್ರತಿ ಸರದಿ ಮುಗಿದಾಗ ಕಾವಲಿಯಲ್ಲಿ ಉಳಿದ ಚೂರುಗಳನ್ನು ಕೆರೆದು ತೆಗೆದು, ಅರ್ಧ ಚಮಚ ಎಣ್ಣೆ ಬಿಟ್ಟು ಮುಂದಿನದನ್ನು ಇಡುತ್ತೇನೆ.

ಇಷ್ಟೆಲ್ಲ ಮಾಡಿದರೂ ಕೆಲವು ಪನೀರ್ ಒಡೆಯುತ್ತದೆ. ಫ್ರೀಜರ್‌ನಲ್ಲಿಟ್ಟು ಕರಗಿಸಿದ್ದು ಒಳಗೇ ತೂತುತೂತಾಗಿ ಉದುರುತ್ತದೆ. ಮನೆಯಲ್ಲಿ ಹಾಲು ಒಡೆಸಿ ಮಾಡಿದ್ದನ್ನು ಭಾರವಿಟ್ಟು ಚೆನ್ನಾಗಿ ಒತ್ತದೆ, ಕೆಲವು ಗಂಟೆ ತಣ್ಣಗಾಗಲು ಬಿಡದೆ ಹುರಿದರೆ ಅದೂ ನಿಲ್ಲುವುದಿಲ್ಲ. ಕತ್ತರಿಸುವಾಗಲೇ ಅಂಚು ಉದುರುತ್ತಿದ್ದರೆ ಅದನ್ನು ಪಲ್ಯಕ್ಕೆ ಬಳಸುವುದೇ ಒಳ್ಳೆಯದು.

ತೋಫುವಿನದು ಇದೇ ದಾರಿ, ಆದರೆ ಅದರಲ್ಲಿ ನೀರು ಇನ್ನೂ ಹೆಚ್ಚು, ಕೊಬ್ಬು ಕಡಿಮೆ. ಗಟ್ಟಿ ತೋಫುವನ್ನೇ ಕೊಳ್ಳಬೇಕು. 200 ಗ್ರಾಂ ಗಟ್ಟಿಯನ್ನು ಬೈರಾಸಿನಲ್ಲಿ ಸುತ್ತಿ, ಮೇಲೊಂದು ಮಣೆ, ಮಣೆಯ ಮೇಲೆ ಎರಡು ಕಿಲೋ ಕುಚ್ಚಲಕ್ಕಿಯ ಪೊಟ್ಟಣ ಇಟ್ಟು ಅರ್ಧ ಗಂಟೆ ಬಿಡುತ್ತೇನೆ. ತೆಗೆಯುವಾಗ ಬಟ್ಟೆ ಹಿಂಡುವಷ್ಟು ಒದ್ದೆಯಾಗಿರುತ್ತದೆ. ತುಂಡು ಮಾಡಿ, ಕಾವಲಿ ಕಾದ ಮೇಲೆ ಒಂದು ಚಮಚ ನುಣ್ಣನೆಯ ಅಕ್ಕಿ ಹಿಟ್ಟು ಉದುರಿಸಿ ಹೊರಳಿಸಿ, ತಡಮಾಡದೆ ಹುರಿಯಬೇಕು. ಹಿಟ್ಟು ಹಚ್ಚಿ ಇಟ್ಟರೆ ಅದೇ ಅಂಟಾಗುತ್ತದೆ. ಪನೀರ್ ಎರಡು ನಿಮಿಷದಲ್ಲಿ ಹಿಡಿಯುವ ಬಣ್ಣಕ್ಕೆ ತೋಫು ಮೂರು ನಾಲ್ಕು ನಿಮಿಷ ತೆಗೆದುಕೊಳ್ಳುತ್ತದೆ.

ಕಾವಲಿಯ ವಿಷಯ ಒಂದು ಉಳಿಯಿತು. ಮೊದಮೊದಲು ದೋಸೆಯ ಕಾವಲಿಯಲ್ಲೇ ಪನೀರ್ ಹುರಿಯುತ್ತಿದ್ದೆ. ಮರುದಿನ ಮೊದಲ ಎರಡು ದೋಸೆ ಏಳುತ್ತಿರಲಿಲ್ಲ, ಹಾಲಿನ ಅಂಶದ ಕಣ್ಣಿಗೆ ಕಾಣದ ಪದರ ಉಳಿದಿರುತ್ತಿತ್ತು. ಈಗ ಕಾವಲಿ ಬೆಚ್ಚಗಿರುವಾಗಲೇ ಬಿಸಿನೀರು ಹಾಕಿ ತೆಂಗಿನ ನಾರಿನಿಂದ ತಿಕ್ಕಿ, ಒಲೆಯ ಮೇಲೆ ಆರಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಮೈಯೆಲ್ಲ ಉಜ್ಜಿಡುತ್ತೇನೆ. ಆದರೂ ಅತ್ತೆಗೆ ಸಮಾಧಾನವಾಗಲಿಲ್ಲ. ದೀಪಾವಳಿಗೆ ಪೇಟೆಗೆ ಹೋದಾಗ ಅವರೇ ಇನ್ನೊಂದು ಕಾವಲಿ ಆರಿಸಿ ತಂದು, ವಾರವಿಡೀ ಎಣ್ಣೆ ಹಚ್ಚಿ ಕಾಯಿಸಿ ಪಳಗಿಸಿ, "ಇದು ನಿನ್ನ ಪನೀರಿಗೆ" ಎಂದು ನನ್ನ ಕೈಗೆ ಕೊಟ್ಟರು.