ಒಂದರ ಮೇಲೊಂದು ಬಿದ್ದ ನೌಕರಿಗಳ ಒಟ್ಟು ಸೇವೆಯನ್ನು ನಾನು ಲೆಕ್ಕ ಹಾಕುವ ಬಗೆ

ಶಿರಸಿಯಲ್ಲಿ ನೌಕರಿಯ ಅರ್ಜಿ ತುಂಬಿಕೊಡುವ ನಮ್ಮಂಥವರಲ್ಲಿ ಹೆಚ್ಚಿನವರು ಪ್ರತಿ ಕೆಲಸದ ವರ್ಷ, ತಿಂಗಳುಗಳನ್ನು ಬೇರೆ ಬೇರೆಯಾಗಿ ಬರೆದು ಕೊನೆಗೆ ಕೂಡಿಸಿಬಿಡುತ್ತಾರೆ. ಅವಧಿಗಳನ್ನು ಮೊದಲು ಬೆಸೆದು ಆಮೇಲೆ ಎಣಿಸಬೇಕೆಂದು ನಾನು ಹೇಳಿದಾಗ, ಗಿರಾಕಿಯ ಅನುಭವವನ್ನು ನಾನೇ ಕತ್ತರಿಸುತ್ತಿದ್ದೇನೆಂದು ಪಕ್ಕದ ಅಂಗಡಿಯವರು ನಕ್ಕಿದ್ದರು. ಈಚೆಗೆ ನಾನು ತಯಾರಿಸಿದ ಪಟ್ಟಿಯೊಂದು ದಾಖಲೆ ಪರಿಶೀಲನೆಯಲ್ಲಿ ಒಂದೂ ಪ್ರಶ್ನೆಯಿಲ್ಲದೆ ದಾಟಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಆ ಗಿರಾಕಿ ಲೆಕ್ಕ ಬರೆಯುವವರು. ಅಡಿಕೆ ವಖಾರಿಯಲ್ಲಿ 10-06-2014ರಿಂದ 28-02-2017ರವರೆಗೆ ಇದ್ದುದಕ್ಕೆ ಪತ್ರವಿತ್ತು. ಹಾರ್ಡ್‌ವೇರ್ ಅಂಗಡಿಗೆ ಸೇರಿದ್ದು ಮಾತ್ರ “2016ರ ಮಾರಿಜಾತ್ರೆ ಮುಗಿದ ಮೇಲೆ”, ಬಿಟ್ಟದ್ದು “2018ರ ಚೌತಿ ಆದ ಮೇಲೆ, ನವರಾತ್ರಿಗೆ ಮೊದಲು”. ಅಲ್ಲಿ ಮೊದಲು ಸಂಜೆ ಹೊತ್ತಿನ ಕೆಲಸವಿದ್ದು, ವಖಾರಿ ಬಿಟ್ಟ ಮೇಲೆ ಅದು ಪೂರ್ಣಾವಧಿಯಾಯಿತು. ಮೂರನೆಯದು ತೆರಿಗೆ ಸಲಹೆಗಾರರೊಬ್ಬರ ಕಚೇರಿ, 15-11-2018ರಿಂದ 31-03-2023. ಜಾಹೀರಾತು ಕೇಳಿದ್ದು ಎಂಟು ವರ್ಷ. ಹಿಂದೊಮ್ಮೆ ಬೇರೆ ಕಡೆ ಕೂಡಿಸಿ ಬರೆಸಿದ ಅರ್ಜಿ ತಿರಸ್ಕೃತವಾಗಿ, ಸುಮಾರು ಐನೂರು ರೂಪಾಯಿ ಶುಲ್ಕವೂ ಹೋಗಿತ್ತು.

ಹಾರ್ಡ್‌ವೇರ್ ಅಂಗಡಿಯ ಅವಧಿಯನ್ನು 01-04-2016ರಿಂದ 13-09-2018 ಎಂದು ಹಿಡಿದು ಮೂರನ್ನೂ ಕೂಡಿಸಿದರೆ 9 ವರ್ಷ 6 ತಿಂಗಳು 19 ದಿನ ಬರುತ್ತದೆ. ಆದರೆ ಇದರಲ್ಲಿ ಹನ್ನೊಂದು ತಿಂಗಳು ಎರಡು ಸಲ ಎಣಿಸಲ್ಪಟ್ಟಿದೆ. ಬೆಸೆದು ನೋಡಿದರೆ ಮೊದಲೆರಡು ಕೆಲಸಗಳು 10-06-2014ರಿಂದ 13-09-2018ರವರೆಗಿನ ಒಂದೇ ತುಂಡಾಗುತ್ತವೆ, ಅಂದರೆ 4 ವರ್ಷ 3 ತಿಂಗಳು 4 ದಿನ. ಮೂರನೆಯದರ 4 ವರ್ಷ 4 ತಿಂಗಳು 17 ದಿನ ಸೇರಿದರೆ ಒಟ್ಟು 8 ವರ್ಷ 7 ತಿಂಗಳು 21 ದಿನ.

ಬೆಸೆದ ಮೇಲೆ ಒಂದು ಸಂಗತಿ ತಾನಾಗಿ ತಿಳಿಯಾಗುತ್ತದೆ. ಜಾತ್ರೆ ಮುಗಿದು ಸೇರಿದ್ದು ಮಾರ್ಚ್ ಕೊನೆಗೋ ಏಪ್ರಿಲ್ ನಡುವಿಗೋ ಎಂಬ ಸಂಶಯಕ್ಕೆ ಬೆಲೆಯೇ ಇಲ್ಲ, ಏಕೆಂದರೆ ಆ ದಿನಾಂಕ ವಖಾರಿಯ ಅವಧಿಯ ಹೊಟ್ಟೆಯೊಳಗೇ ಬೀಳುತ್ತದೆ. ತುಂಡಿನ ಅಂಚಿಗೆ ಬರುವ ದಿನಾಂಕಕ್ಕೆ ಮಾತ್ರ ಪುರಾವೆ ಹುಡುಕಬೇಕು. ಇಲ್ಲಿ ಅಂಥ ಅಂದಾಜಿನ ಅಂಚು ಒಂದೇ, ಬಿಟ್ಟ ದಿನ. 2018ರ ಚೌತಿ ಸೆಪ್ಟೆಂಬರ್ 13ಕ್ಕೆ, ನವರಾತ್ರಿಯ ಆರಂಭ ಅಕ್ಟೋಬರ್ 10ಕ್ಕೆ. ಹಾಗಾಗಿ ಕನಿಷ್ಠ ಲೆಕ್ಕಕ್ಕೆ 13-09, ಗರಿಷ್ಠಕ್ಕೆ 09-10. ಗರಿಷ್ಠ ಹಿಡಿದರೆ ಒಟ್ಟು 8 ವರ್ಷ 8 ತಿಂಗಳು 17 ದಿನವಾಗುತ್ತದೆ. ಕನಿಷ್ಠವೇ ಎಂಟು ವರ್ಷ ದಾಟಿದ್ದರಿಂದ ಅದನ್ನೇ ಬರೆದೆ. “ದುಡಿದದ್ದು ಸುಳ್ಳಲ್ಲವಲ್ಲ, ಕಡಿಮೆ ಯಾಕೆ ಬರೀತೀರಿ?” ಎಂದು ಅವರು ಮುನಿಸಿಕೊಂಡರು, ಆಯ್ಕೆಪಟ್ಟಿ ಬಂದ ಮೇಲೆ ಮುನಿಸು ಇಳಿಯಿತು.

ಮೊದಮೊದಲು ನಾನು ಚೌಕುಳಿ ಹಾಳೆಯಲ್ಲಿ ತಿಂಗಳಿಗೊಂದು ಮನೆಯಂತೆ ಬಣ್ಣ ಹಾಕಿ ಎಣಿಸುತ್ತಿದ್ದೆ. ಅತಿಕ್ರಮಿಸಿದ ಭಾಗ ಕಣ್ಣಿಗೆ ಕಾಣುತ್ತಿತ್ತು ನಿಜ, ಆದರೆ ಅಂಚಿನ ಅರ್ಧ ತಿಂಗಳೂ ಪೂರ್ತಿ ಮನೆಯಾಗಿ ಪ್ರತಿ ತುಂಡಿಗೂ ಎರಡು ತಿಂಗಳವರೆಗೆ ಉಬ್ಬುತ್ತಿತ್ತು. ಈಗ ಎಕ್ಸೆಲ್‌ನಲ್ಲಿ ಎರಡನೆಯ ಸಾಲಿನಿಂದ A ಕಾಲಮ್ಮಿನಲ್ಲಿ ಸೇರಿದ, B ಕಾಲಮ್ಮಿನಲ್ಲಿ ಬಿಟ್ಟ ದಿನಾಂಕ ಬರೆದು, ಸೇರಿದ ದಿನಾಂಕದಂತೆ ವಿಂಗಡಿಸಿ, ಮೂರನೆಯ ಸಾಲಿನಿಂದ ಈ ಸೂತ್ರ ಇಳಿಸುತ್ತೇನೆ:

```
=IF(A3>MAX(B$2:B2)+1,"ಹೊಸ","ಸೇರಿಕೆ")
```

ಹಿಂದಿನ ಒಂದೇ ಸಾಲಿನ ಕೊನೆಯ ದಿನಾಂಕಕ್ಕೆ ಹೋಲಿಸುವುದು ಸಾಲದು. ದೀರ್ಘ ನೌಕರಿಯೊಂದರ ಒಳಗೆ ಚಿಕ್ಕದೊಂದು ಬಂದು ಮುಗಿದಿದ್ದರೆ, ನಂತರದ ಸಾಲು ಇಲ್ಲದ ಬಿಡುವನ್ನು ತೋರಿಸುತ್ತದೆ. ಆದ್ದರಿಂದ ಅಲ್ಲಿಯವರೆಗಿನ ಎಲ್ಲ ಕೊನೆಗಳಲ್ಲಿ ದೊಡ್ಡದನ್ನೇ ಹಿಡಿಯಬೇಕು. ಕೆಲಸದ ಕೊನೆಯ ದಿನವೂ ಎಣಿಕೆಗೆ ಸೇರುವುದರಿಂದ ಬೆಸೆದ ತುಂಡಿನ ಕೊನೆಗೆ ಒಂದು ಕೂಡಿಸಿ ಕಳೆಯುತ್ತೇನೆ. ಉಳಿದ ದಿನಗಳಿಗೆ DATEDIFನ "md" ಕೆಲವೊಮ್ಮೆ ಋಣಾತ್ಮಕ ಸಂಖ್ಯೆಯನ್ನೇ ಕೊಡುತ್ತದೆ. ಅದನ್ನು ಬಿಟ್ಟು, ಬೆಸೆದ ತುಂಡಿನ ಮೊದಲ ದಿನವನ್ನು A2ರಲ್ಲಿ, ಕೊನೆಯ ದಿನವನ್ನು B2ರಲ್ಲಿ ಇಟ್ಟು ಇದನ್ನು ಬಳಸುತ್ತೇನೆ:

```
=B2+1-EDATE(A2,DATEDIF(A2,B2+1,"m"))
```

ಅಂದಾಜಿನ ಅಂಚಿಗೆ ಭವಿಷ್ಯನಿಧಿ ಪಾಸ್‌ಬುಕ್ ಒಳ್ಳೆಯ ಆಧಾರ. ಅದರಲ್ಲಿ ಹಣ ಜಮಾ ಆದ ದಿನವನ್ನಲ್ಲ, ಸಂಬಳದ ತಿಂಗಳನ್ನು ನೋಡಬೇಕು, ಏಕೆಂದರೆ ಮಾಲೀಕರು ವಂತಿಗೆ ಕಟ್ಟುವುದು ಮುಂದಿನ ತಿಂಗಳ 15ರೊಳಗೆ. ಭವಿಷ್ಯನಿಧಿಯೇ ಇಲ್ಲದ ಅಂಗಡಿಗಳಿಗೆ ನಾನು ತರಿಸುವ ಇನ್ನೊಂದು ಕಾಗದವಿದೆ. ಅದು ನನ್ನ ಹೊಟ್ಟೆಪಾಡಿನ ಗುಟ್ಟಾದ್ದರಿಂದ ಇಲ್ಲಿ ಹೇಳುವುದಿಲ್ಲ.

ಒಂದು ಪಟ್ಟಿಗೆ ಇನ್ನೂರರ ಆಸುಪಾಸು ತೆಗೆದುಕೊಳ್ಳುತ್ತೇನೆ. ಆದರೆ “2009ರಿಂದ 2011” ಎಂದು ಬರೀ ಇಸವಿ ಬರೆದ ಪತ್ರ ತಂದವರನ್ನು ಹಣ ಪಡೆಯದೆ ಹಿಂದಕ್ಕೆ ಕಳಿಸುತ್ತೇನೆ. ಅದು 31-12-2009ರಿಂದ 01-01-2011 ಆಗಿದ್ದರೆ ಒಂದು ವರ್ಷ ಎರಡು ದಿನ, 01-01-2009ರಿಂದ 31-12-2011 ಆಗಿದ್ದರೆ ಪೂರ್ತಿ ಮೂರು ವರ್ಷ. ಹಳೆಯ ಮಾಲೀಕರಿಂದ ತಿಂಗಳನ್ನಾದರೂ ಬರೆಸಿಕೊಂಡು ಬಂದ ಮೇಲೆಯೇ ಕಂಪ್ಯೂಟರ್ ಮುಂದೆ ಕೂರುತ್ತೇನೆ.