ಬೆಳ್ಳಿ ಕಾಲ್ಗೆಜ್ಜೆಯ ಬೆಲೆ: ಅಂಗಡಿಯಲ್ಲೇ ಲೆಕ್ಕ ಹಾಕುವುದು ಹೇಗೆ?

ಒಂದು ಅಂಗಡಿಯಲ್ಲಿ ‘ವೇಸ್ಟೇಜ್ 12 ಪರ್ಸೆಂಟ್, ಮಜೂರಿ ಗ್ರಾಂಗೆ 15 ರೂಪಾಯಿ’ ಎನ್ನುತ್ತಾರೆ. ಪಕ್ಕದವರು ‘ನಮ್ಮಲ್ಲಿ ವೇಸ್ಟೇಜೇ ಇಲ್ಲ, ಮಜೂರಿ 40 ರೂಪಾಯಿ ಅಷ್ಟೇ’ ಎನ್ನುತ್ತಾರೆ. ಮೂರನೆಯವರು ಮಜೂರಿ ಫ್ರೀ, ವೇಸ್ಟೇಜ್ 18 ಪರ್ಸೆಂಟ್ ಎಂದು ಬೋರ್ಡ್ ಹಾಕಿರುತ್ತಾರೆ. ಯಾವುದು ಅಗ್ಗ? ಕೇಳಿದ ಕೂಡಲೇ ಹೇಳುವುದು ಕಷ್ಟ. ಒಂದು ಪರ್ಸೆಂಟಿನಲ್ಲಿದೆ, ಇನ್ನೊಂದು ರೂಪಾಯಿಯಲ್ಲಿದೆ. ಎರಡನ್ನೂ ‘ಗ್ರಾಂಗೆ ಎಷ್ಟು ರೂಪಾಯಿ’ ಎಂಬ ಒಂದೇ ಅಳತೆಗೆ ತಂದರೆ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಒಂದು ನಿಮಿಷದ ಕೆಲಸ.

ಉದಾಹರಣೆಗೆ 80 ಗ್ರಾಂ ತೂಕದ ಒಂದು ಜೊತೆ ಗೆಜ್ಜೆ ತೆಗೆದುಕೊಳ್ಳೋಣ. ಬೆಳ್ಳಿ ರೇಟು ದಿನಾ ಏರಿಳಿಯುತ್ತದೆ. ಲೆಕ್ಕ ಸುಲಭವಾಗಲಿ ಎಂದು ಗ್ರಾಂಗೆ 200 ರೂಪಾಯಿ ಇಟ್ಟುಕೊಂಡಿದ್ದೇನೆ. ನೀವು ಹೋದ ದಿನದ ರೇಟು ಹಾಕಿಕೊಳ್ಳಿ.

ಮೊದಲು ತೂಕ

ಗೆಜ್ಜೆಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆಸಿ, ಚೀಟಿ ಬಿಚ್ಚಿಸಿ, ನಿಮ್ಮ ಕಣ್ಣೆದುರೇ ತೂಗಿಸಿ. ತೂಗುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿದೆಯೇ ನೋಡಿ. ಚೀಟಿಯ ಮೇಲೆ ಬರೆದ ತೂಕವನ್ನೇ ನಂಬಬೇಡಿ. ಎರಡು ಕಾಲಿನ ಗೆಜ್ಜೆಯೂ ಒಂದೇ ತೂಕ ಇರಬೇಕೆಂದೇನಿಲ್ಲ, ಹಾಗಾಗಿ ಜೊತೆಯನ್ನು ಒಟ್ಟಿಗೇ ತೂಗಿಸಿ. ಕಲ್ಲು, ಮುತ್ತು, ಬಣ್ಣದ ಮಣಿ ಇದ್ದರೆ ಅವುಗಳ ತೂಕ ಕಳೆಯಲು ಹೇಳಿ. ಗಾಜಿನ ಮಣಿಗೆ ಬೆಳ್ಳಿ ರೇಟು ಕೊಡುವುದು ಯಾಕೆ, ಅಲ್ವಾ?

ಆಮೇಲೆ ವೇಸ್ಟೇಜನ್ನು ರೂಪಾಯಿಗೆ ಇಳಿಸಿ

ತಂತಿ ಎಳೆಯುವಾಗ, ಕತ್ತರಿಸುವಾಗ, ಅರದಿಂದ ಉಜ್ಜುವಾಗ, ಪಾಲಿಶ್ ಮಾಡುವಾಗ ಸ್ವಲ್ಪ ಬೆಳ್ಳಿ ಪುಡಿಯಾಗಿ ಹೋಗುತ್ತದೆ. ವೇಸ್ಟೇಜ್ ಎಂಬ ಹೆಸರು ಬಂದದ್ದು ಹಾಗೆ. ಆದರೆ ಆ ಪುಡಿಯನ್ನು ಗುಡಿಸಿ, ಕೂಡಿಟ್ಟು, ಮತ್ತೆ ಕರಗಿಸುತ್ತಾರೆ. 80 ಗ್ರಾಂ ಗೆಜ್ಜೆಗೆ ನಿಜವಾಗಿ ಹತ್ತು ಗ್ರಾಂ ಬೆಳ್ಳಿ ಹಾಳಾಗುವುದಿಲ್ಲ. ಹಾಗಾಗಿ ವೇಸ್ಟೇಜಿನ ದೊಡ್ಡ ಪಾಲು ಬೇರೆ ಹೆಸರಿನ ಮಜೂರಿಯೇ ಎಂದು ನನ್ನ ಅನಿಸಿಕೆ. ಸಣ್ಣ ಸಣ್ಣ ಗೆಜ್ಜೆ ಪೋಣಿಸಿದ ಕೈಕೆಲಸಕ್ಕೆ ಜಾಸ್ತಿ ಹಾಕುವುದರಲ್ಲಿ ಅರ್ಥವಿದೆ. ಮಷೀನಿನಲ್ಲಿ ಹೆಣೆದ ಸಾದಾ ಚೈನಿಗೂ ಅಷ್ಟೇ ಹಾಕಿದರೆ ಚೌಕಾಸಿ ಮಾಡಿ.

ಲೆಕ್ಕ ಹೀಗೆ. ರೇಟಿನ ಒಂದು ಪರ್ಸೆಂಟ್ ಎಷ್ಟು ನೋಡಿ. 200ಕ್ಕೆ ಅದು 2 ರೂಪಾಯಿ. 12 ಪರ್ಸೆಂಟ್ ವೇಸ್ಟೇಜ್ ಎಂದರೆ ಗ್ರಾಂಗೆ 24 ರೂಪಾಯಿ. ಇದಕ್ಕೆ ಮಜೂರಿ 15 ಸೇರಿಸಿ: 39. ಬೆಳ್ಳಿಯ ಬೆಲೆಯ ಮೇಲೆ ಮೊದಲ ಅಂಗಡಿ ಗ್ರಾಂಗೆ ತೆಗೆದುಕೊಳ್ಳುತ್ತಿರುವುದು ಇಷ್ಟು. ಎರಡನೆಯದು 40. ಮೂರನೆಯದು 18 ಪರ್ಸೆಂಟ್, ಅಂದರೆ 36. ಮೂರು ಅಂಗಡಿಯ ಮೂರು ಮಾತೂ ಹೆಚ್ಚುಕಡಿಮೆ ಒಂದೇ!

ಇಲ್ಲಿ ಇನ್ನೊಂದು ವಿಷಯವಿದೆ. ಮಜೂರಿ ರೂಪಾಯಿಯಲ್ಲಿದ್ದರೆ ಬೆಳ್ಳಿ ಏರಿದರೂ ಅದು ತಾನಾಗಿ ಏರುವುದಿಲ್ಲ. ವೇಸ್ಟೇಜ್ ಪರ್ಸೆಂಟಿನಲ್ಲಿರುವುದರಿಂದ ಬೆಳ್ಳಿಯ ಜೊತೆಗೇ ಏರುತ್ತದೆ. ರೇಟು 100 ಇದ್ದಾಗ 12 ಪರ್ಸೆಂಟ್ ಎಂದರೆ ಗ್ರಾಂಗೆ 12 ರೂಪಾಯಿ. 200 ಆದಾಗ 24. ಕೆಲಸ ಅದೇ, ಕೂಲಿ ಮಾತ್ರ ದುಪ್ಪಟ್ಟು. ರೇಟು ಜಾಸ್ತಿ ಇರುವಾಗ ಚೌಕಾಸಿಯನ್ನು ವೇಸ್ಟೇಜಿನ ಮೇಲೆ ಮಾಡಿ. ನಮ್ಮ ಗೆಜ್ಜೆಗೆ ಒಂದು ಪರ್ಸೆಂಟ್ ಇಳಿಸಿದರೆ 160 ರೂಪಾಯಿ ಉಳಿಯುತ್ತದೆ. ಮಜೂರಿಯಲ್ಲಿ ಒಂದು ರೂಪಾಯಿ ಇಳಿಸಿದರೆ ಉಳಿಯುವುದು 80 ಮಾತ್ರ.

ಈಗ ಪೂರ್ತಿ ಬಿಲ್

ಮೊದಲ ಅಂಗಡಿಯದನ್ನೇ ಹಾಕೋಣ. ರೇಟು 200, ವೇಸ್ಟೇಜ್ 24, ಮಜೂರಿ 15, ಒಟ್ಟು ಗ್ರಾಂಗೆ 239. ಇದನ್ನು 80 ಗ್ರಾಂಗೆ ಗುಣಿಸಿದರೆ 19,120 ರೂಪಾಯಿ. ಅದರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ 573 ರೂಪಾಯಿ 60 ಪೈಸೆ. ಕೈಯಿಂದ ಕೊಡಬೇಕಾದದ್ದು 19,693 ರೂಪಾಯಿ 60 ಪೈಸೆ.

ಅಂಗಡಿಯ ಬಿಲ್ಲಿನಲ್ಲಿ ಇದು ಬೇರೆ ರೀತಿ ಕಾಣಬಹುದು. ವೇಸ್ಟೇಜ್ 9.6 ಗ್ರಾಂ ಸೇರಿಸಿ ತೂಕವನ್ನೇ 89.6 ಗ್ರಾಂ ಎಂದು ಬರೆಯುವುದುಂಟು. ಹಾಗೆ ಬರೆದರೂ ಮೊತ್ತ ಅದೇ ಬರಬೇಕು. ಆದರೆ ಮಜೂರಿಯನ್ನು ಯಾವ ತೂಕಕ್ಕೆ ಹಾಕಿದ್ದಾರೆ ನೋಡಿ. 80ಕ್ಕೆ ಹಾಕಿದರೆ 1,200 ರೂಪಾಯಿ, 89.6ಕ್ಕೆ ಹಾಕಿದರೆ 1,344. ಇಲ್ಲದ ಬೆಳ್ಳಿಗೆ ಯಾರೂ ಕೆಲಸ ಮಾಡಿರುವುದಿಲ್ಲ. ಸಿಕ್ಕಿಬಿದ್ದರೆ ಸುಮ್ನೆ ಇರಬೇಡಿ, ಕೇಳಿ.

ಟಚ್ ಕೇಳದೆ ದುಡ್ಡು ಕೊಡಬೇಡಿ

ಇಷ್ಟರಲ್ಲಿ ಮೂರನೆಯ ಅಂಗಡಿಯೇ ಅಗ್ಗ ಎಂದು ತೀರ್ಮಾನಿಸಿರುತ್ತೀರಿ. ಸ್ವಲ್ಪ ತಾಳಿ. ಗೆಜ್ಜೆಯಲ್ಲಿ ಶುದ್ಧ ಬೆಳ್ಳಿ ಎಷ್ಟಿದೆ ಎಂದು ಇನ್ನೂ ಕೇಳಿಲ್ಲ. ಪೇಟೆಯಲ್ಲಿ ಇದಕ್ಕೆ ಟಚ್ ಎನ್ನುತ್ತಾರೆ. ಶುದ್ಧ ಬೆಳ್ಳಿ ತೀರಾ ಮೆತ್ತಗೆ, ಆದ್ದರಿಂದ ತಾಮ್ರ ಬೆರೆಸುತ್ತಾರೆ. 925 ಎಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. 80 ಟಚ್ ಎಂದರೆ ನೂರಕ್ಕೆ 80. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಹೊಳೆಯುತ್ತವೆ. ಪತ್ರಿಕೆಯಲ್ಲಿ ಬರುವ ರೇಟು ಶುದ್ಧ ಬೆಳ್ಳಿಯದು. ಅದೇ ರೇಟನ್ನು 80 ಟಚ್ ಮಾಲಿಗೂ ಹಾಕಿದರೆ ತಾಮ್ರಕ್ಕೂ ಬೆಳ್ಳಿಯ ಬೆಲೆ ಕೊಟ್ಟಂತಾಯಿತು.

ಮೊದಲ ಅಂಗಡಿಯದು 925 ಎಂದುಕೊಳ್ಳಿ. 80 ಗ್ರಾಂನಲ್ಲಿ ಶುದ್ಧ ಬೆಳ್ಳಿ 74 ಗ್ರಾಂ. ತೆರಿಗೆಗೆ ಮುಂಚಿನ 19,120 ರೂಪಾಯಿಯನ್ನು 74ರಿಂದ ಭಾಗಿಸಿದರೆ ಸುಮಾರು 258. ಮೂರನೆಯ ಅಂಗಡಿಯದು 80 ಟಚ್ ಆದರೆ ಶುದ್ಧ ಬೆಳ್ಳಿ 64 ಗ್ರಾಂ. ಅವರ ಮೊತ್ತ 18,880. ಭಾಗಿಸಿದರೆ 295. ಬಿಲ್ಲಿನಲ್ಲಿ 240 ರೂಪಾಯಿ ಕಡಿಮೆ ಎಂದು ಕಂಡದ್ದು ಶುದ್ಧ ಬೆಳ್ಳಿಯ ಲೆಕ್ಕದಲ್ಲಿ ಗ್ರಾಂಗೆ 37 ರೂಪಾಯಿ ದುಬಾರಿ.

ಟಚ್ ಎಷ್ಟೆಂದು ಅಂಗಡಿಯವರ ಬಾಯಿಮಾತು ಸಾಲದು, ಬಿಲ್ಲಿನಲ್ಲಿ ಬರೆಸಿ. ಹಾಲ್‌ಮಾರ್ಕ್ ಇದ್ದರೆ ಇನ್ನೂ ಒಳ್ಳೆಯದು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ, ಅಂಕಿಗಳ ಎಚ್‌ಯುಐಡಿ ಸಂಖ್ಯೆ ಬಂದಿದೆ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಆದರೆ ಚಿನ್ನಕ್ಕೆ ಮಾಡಿದಂತೆ ಬೆಳ್ಳಿಗೆ ಆಗ ಕಡ್ಡಾಯ ಮಾಡಲಿಲ್ಲ. ಹಾಗಾಗಿ ಗುರುತಿಲ್ಲದ ಗೆಜ್ಜೆಯೂ ಮಾರಾಟಕ್ಕಿರುತ್ತದೆ. ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ’ ಎಂಬ ಮಾತಿಗೆ ಒಪ್ಪಿದರೆ 573 ರೂಪಾಯಿ ಉಳಿಸಲು ಹೋಗಿ ಟಚ್‌ಗಿದ್ದ ಒಂದೇ ದಾಖಲೆಯನ್ನೂ ಬಿಟ್ಟುಕೊಟ್ಟಂತೆ.

ಹಳೇ ಗೆಜ್ಜೆ ಕೊಡುವುದಿದ್ದರೆ

ಹಳೇದನ್ನು ಕೊಂಡಾಗ ಕೊಟ್ಟ ವೇಸ್ಟೇಜ್, ಮಜೂರಿ, ತೆರಿಗೆ ಯಾವುದೂ ವಾಪಸ್ ಬರುವುದಿಲ್ಲ. ಅದರ ಶುದ್ಧ ಬೆಳ್ಳಿಗೆ ಮಾತ್ರ ಬೆಲೆ. 60 ಗ್ರಾಂ ಹಳೇ ಗೆಜ್ಜೆ ಪರೀಕ್ಷೆಯಲ್ಲಿ 70 ಟಚ್ ಬಂದರೆ 42 ಗ್ರಾಂ ಲೆಕ್ಕ. ಅದೇ 200ರ ರೇಟಿನಲ್ಲಿ 8,400 ರೂಪಾಯಿ. ಕೆಲವು ಅಂಗಡಿಗಳು ಹಳೇದಕ್ಕೆ ಕಡಿಮೆ ರೇಟು ಹಿಡಿಯುತ್ತವೆ, ಮೊದಲೇ ಕೇಳಿಕೊಳ್ಳಿ. ಜಿಎಸ್‌ಟಿ ಹೊಸ ಗೆಜ್ಜೆಯ ಪೂರ್ತಿ ಬೆಲೆಯ ಮೇಲೆ ಬೀಳುತ್ತದೆ. ಹಳೇದರ ಬೆಲೆಯನ್ನು ಕಳೆಯುವುದು ಅದಾದ ಮೇಲೆ. ಮೊದಲ ಅಂಗಡಿಯ ಬಿಲ್ಲಿನಲ್ಲಿ ಹೀಗೆ ಕಳೆದರೆ ನೀವು ಕೊಡಬೇಕಾದದ್ದು 11,293 ರೂಪಾಯಿ 60 ಪೈಸೆ.