ಮೆಟಾ ಡಿಸ್ಕ್ರಿಪ್ಷನ್: ಕೊನೆಯ ‘ಇಲ್ಲ’ ಕತ್ತರಿಸಿಹೋಗದ ಹಾಗೆ

ಗೂಗಲ್ ಹುಡುಕಾಟದಲ್ಲಿ ಪುಟದ ಹೆಸರಿನ ಕೆಳಗೆ ಕಾಣಲೆಂದು ಬರೆಯುವ ಚಿಕ್ಕ ವಿವರಣೆಯೇ ಮೆಟಾ ಡಿಸ್ಕ್ರಿಪ್ಷನ್. ಕಾಫಿ ಪುಡಿ ಮಾರುವ ಪುಟವೊಂದಕ್ಕೆ ಮೊದಲು ಇದ್ದ ವಿವರಣೆ ಇದು:

“ತಲೆಮಾರುಗಳ ಪರಂಪರೆಯ ಅಪ್ಪಟ ಮಲೆನಾಡಿನ ಘಮ ನಿಮ್ಮ ಮನೆ ಬಾಗಿಲಿಗೆ! ಎಲ್ಲೆಡೆ ಉಚಿತ ಡೆಲಿವರಿ. ಅತ್ಯುತ್ತಮ ಗುಣಮಟ್ಟದ ಫಿಲ್ಟರ್ ಕಾಫಿ ಪುಡಿ ಅತಿ ಕಡಿಮೆ ಬೆಲೆಗೆ. ನಮ್ಮ ಪುಡಿಯಲ್ಲಿ ಚಿಕೋರಿ ಬೆರೆಸುವುದಿಲ್ಲ.”

ಉದ್ದ ಹೆಚ್ಚಾಗಿರುವುದು ಇದರಲ್ಲಿನ ಸಣ್ಣ ತಪ್ಪು, ದೊಡ್ಡವು ಬೇರೆ ಇವೆ. ಕಾಫಿ ಅನ್ನುವ ಪದ ಬರುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಮುಗಿದಿರುತ್ತದೆ. ಕನ್ನಡದಲ್ಲಿ ‘ಇಲ್ಲ’ ವಾಕ್ಯದ ತುದಿಗೆ ಬರುವುದರಿಂದ, ಗೂಗಲ್ ಅದಕ್ಕೂ ಮೊದಲೇ ಕತ್ತರಿಸಿದರೆ “ನಮ್ಮ ಪುಡಿಯಲ್ಲಿ ಚಿಕೋರಿ…” ಎಂದಷ್ಟೇ ಉಳಿದು ಅರ್ಥ ತಿರುಗುಮುರುಗಾಗುತ್ತದೆ. ಪುಟ ತೆರೆದು ನೋಡಿದರೆ 80:20 ಚಿಕೋರಿ ಮಿಶ್ರಣವೂ ಮಾರಾಟಕ್ಕಿದೆ, ಉಚಿತ ಡೆಲಿವರಿ ₹600 ದಾಟಿದ ಆರ್ಡರ್‌ಗೆ ಮಾತ್ರ.

ಹಾಗಾಗಿ ನಾನು ಹಳೆಯ ವಾಕ್ಯ ತಿದ್ದಲು ಕೂರುವುದಿಲ್ಲ. ಪುಟದಲ್ಲಿ ಕಣ್ಣಿಗೆ ಕಾಣುವ ಸಂಗತಿಗಳನ್ನು ಮಾತ್ರ ಪಟ್ಟಿ ಮಾಡಿ, ಅದರಿಂದಲೇ ಹೊಸದಾಗಿ ಬರೆಯುತ್ತೇನೆ. ‘ಅತ್ಯುತ್ತಮ’, ‘ಅತಿ ಕಡಿಮೆ’ ಆ ಪಟ್ಟಿಗೆ ಬರುವುದೇ ಇಲ್ಲ.

```html
<meta name="description" content="ಚಿಕೋರಿ ಇಲ್ಲದ ಮತ್ತು 80:20 ಮಿಶ್ರಣದ ಫಿಲ್ಟರ್ ಕಾಫಿ ಪುಡಿ. ಆರ್ಡರ್ ಬಂದ ದಿನವೇ ಹುರಿದು, ಪುಡಿ ಮಾಡಿ ಕಳಿಸುತ್ತೇವೆ. 250 ಗ್ರಾಂನಿಂದ 1 ಕೆಜಿವರೆಗೆ. ₹600 ದಾಟಿದರೆ ಸಾಗಣೆ ಉಚಿತ.">
```

‘ಬೆರೆಸುವುದಿಲ್ಲ’ ಈಗ ‘ಇಲ್ಲದ’ ಆಗಿ ಮುಂದಕ್ಕೆ ಬಂದಿದೆ. ಷರತ್ತು ‘ಉಚಿತ’ಕ್ಕಿಂತ ಮೊದಲು ಇರುವುದರಿಂದ ಕೊನೆ ತುಂಡಾದರೂ ಸುಳ್ಳು ಭರವಸೆ ಉಳಿಯುವುದಿಲ್ಲ. ಮೊದಲ ವಾಕ್ಯವೊಂದೇ ಕಂಡರೂ ಏನು ಸಿಗುತ್ತದೆ ಅಂತ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: `content` ಒಳಗೆ `"` ಬಂದರೆ ವಿವರಣೆ ಅಲ್ಲಿಗೇ ಮುಗಿದುಹೋಗುತ್ತದೆ.

ಇನ್ನು ಉದ್ದ. ಗೂಗಲ್ ಇಷ್ಟೇ ಅಕ್ಷರ ಅಂತ ಮಿತಿ ಹಾಕಿಲ್ಲ, ಪರದೆಯ ಅಗಲ ನೋಡಿ ಕತ್ತರಿಸುತ್ತದೆ. ಎಲ್ಲರೂ ಹೇಳುವ 155–160 ಅನ್ನುವುದು ಇಂಗ್ಲಿಷ್ ಅಕ್ಷರಗಳ ಅಂದಾಜು. ಶೀಟ್‌ನಲ್ಲಿ ಅಕ್ಷರ ಎಣಿಸುವ `LEN` ಹಾಕಿದರೆ ‘ಫಿಲ್ಟರ್’ 7 ಎಂದು ಬರುತ್ತದೆ, ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆ ಎಣಿಕೆಯಾಗುತ್ತವೆ. ಮೇಲಿನ ವಿವರಣೆಗೆ `LEN` 151. ಆದರೆ ಕನ್ನಡ ಅಕ್ಷರ ಅಗಲವಾದ್ದರಿಂದ ಈ ಸಂಖ್ಯೆ ಸರಿಯಿದೆ ಅಂತ ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಪಿಕ್ಸೆಲ್ ಲೆಕ್ಕದ ಪ್ರಿವ್ಯೂ ಸಾಧನದಲ್ಲಿ ಮೊಬೈಲ್ ನೋಟವನ್ನೇ ನೋಡುತ್ತೇನೆ, ಸಾಮಾನ್ಯವಾಗಿ ಜಾಗ ಅಲ್ಲಿ ಕಡಿಮೆ. ಪುಟಕ್ಕೆ ದಿನಾಂಕವಿದ್ದರೆ ಅದೂ ಸ್ವಲ್ಪ ಜಾಗ ತಿನ್ನುತ್ತದೆ.

ಗೂಗಲ್ ಮತ್ತೆ ಪುಟವನ್ನು ಓದಿದ ಮೇಲೆ ಗಿರಾಕಿ ಟೈಪ್ ಮಾಡುವ ಪದಗಳನ್ನೇ ಹಾಕಿ ಹುಡುಕುತ್ತೇನೆ: “ಚಿಕೋರಿ ಇಲ್ಲದ ಕಾಫಿ ಪುಡಿ”. ನಮ್ಮ ವಿವರಣೆಯ ಬದಲು ಪುಟದೊಳಗಿನ ಯಾವುದೋ ಸಾಲು ಕಂಡರೆ, ಆ ಹುಡುಕಾಟಕ್ಕೆ ಅದೇ ಹೆಚ್ಚು ಹೊಂದುತ್ತದೆ ಎಂದು ಗೂಗಲ್ ಎಣಿಸಿದೆ ಅಂತ ಅರ್ಥ. ಆಗ ಆ ಸಾಲಿನಲ್ಲಿದ್ದು ನನ್ನದರಲ್ಲಿ ಇಲ್ಲದ್ದು ಏನು ಅಂತ ಹೋಲಿಸಿ ನೋಡುತ್ತೇನೆ. ಒಮ್ಮೊಮ್ಮೆ ಆ ಸಾಲೇ ಚೆನ್ನಾಗಿರುತ್ತದೆ, ಹಾಗಿದ್ದರೆ ಬಿಟ್ಟುಬಿಡುತ್ತೇನೆ.